ಟಿಕೆಟ್ ಮುಚ್ಚುವ ಹಕ್ಕು ಯಾರದು?

ಶಾಲೆಗಳ ಫೀಸು ಕಟ್ಟಲು ಒಂದು ಆ್ಯಪ್ ಇದೆ ಎಂದುಕೊಳ್ಳಿ. ಪೋಷಕರು ಒಮ್ಮೆ ಹಣ ಕಟ್ಟಿದರೂ ಎರಡು ರಸೀದಿ ಬರುತ್ತಿದೆ. ಶಾಲೆಯ ಕಚೇರಿಯವರು ದೂರು ಕೊಟ್ಟರು. ಸಾಫ್ಟ್‌ವೇರ್ ತಂಡದ ಟ್ರ್ಯಾಕರ್‌ನಲ್ಲಿ 418ನೇ ಟಿಕೆಟ್ ಹುಟ್ಟಿತು. ಸೋಮವಾರ ಡೆವಲಪರ್ ಕೋಡ್ ತಿದ್ದಿ ಮುಖ್ಯ ಬ್ರಾಂಚಿಗೆ ಮರ್ಜ್ ಮಾಡಿದ. ಟಿಕೆಟ್ ತಾನಾಗಿಯೇ ಮುಚ್ಚಿಕೊಂಡಿತು. ಬುಧವಾರ ಶಾಲೆಯಿಂದ ಫೋನ್: “ಸರ್, ಇವತ್ತೂ ಎರಡೆರಡು ರಸೀದಿ ಬರ್ತಾ ಇದೆಯಲ್ಲ?” ಸಪೋರ್ಟ್‌ನವರು ಟ್ರ್ಯಾಕರ್ ನೋಡಿದರು. “ಅದು ಸರಿ ಹೋಗಿದೆ ಮೇಡಂ, ಒಮ್ಮೆ ಲಾಗೌಟ್ ಆಗಿ ನೋಡಿ.”

ಇಲ್ಲಿ ಯಾರೂ ಬೇಕೆಂದೇ ಸುಳ್ಳಾಡಿಲ್ಲ. ತಿದ್ದಿದ ಕೋಡ್ ಶಾಲೆಯವರು ಬಳಸುವ ಸರ್ವರ್‌ಗೆ ಹೋಗುವುದೇ ಗುರುವಾರದ ರಿಲೀಸ್‌ನಲ್ಲಿ. ಆದರೆ ಗಿಟ್‌ಹಬ್‌ನಲ್ಲಿ ಬದಲಾವಣೆಯ ವಿವರಕ್ಕೆ `Fixes #418` ಎಂದು ಸೇರಿಸಿದ್ದರೆ, ಮುಖ್ಯ ಬ್ರಾಂಚಿಗೆ ಮರ್ಜ್ ಆದ ಕೂಡಲೇ ಟಿಕೆಟ್ ಮುಚ್ಚಿಹೋಗುತ್ತದೆ. ಮರ್ಜ್ ಆಗಿದೆ ಎಂಬುದಷ್ಟೇ ಅದಕ್ಕೆ ಗೊತ್ತು. `Refs #418` ಎಂದು ಬರೆದರೆ ಕೊಂಡಿಯೂ ಉಳಿಯುತ್ತದೆ, ಟಿಕೆಟ್ಟೂ ತೆರೆದಿರುತ್ತದೆ.

ಈ ಎಚ್ಚರ ಹೊಸದೇನಲ್ಲ. 1998ರಲ್ಲಿ ಮೊಜಿಲ್ಲಾದವರು ಹೊರತಂದ ಬಗ್‌ಜಿಲ್ಲಾದಲ್ಲಿ ಡೆವಲಪರ್ ಸರಿಪಡಿಸಿದ್ದಕ್ಕೆ `RESOLVED`, ಪರೀಕ್ಷಕರು ನೋಡಿ ಒಪ್ಪಿದ್ದಕ್ಕೆ `VERIFIED` ಎಂದು ಬೇರೆಬೇರೆ ಸ್ಥಿತಿಗಳಿದ್ದವು. ಆಮೇಲೆ ಬಂದ ಮೂರು ಕಾಲಂನ ಸರಳ ಬೋರ್ಡುಗಳಲ್ಲಿ ಈ ಭೇದ ಅಳಿಸಿಹೋಯಿತು. ನಮ್ಮ ಫೀಸಿನ ತಂಡಕ್ಕೆ ನಾನು ಸೂಚಿಸುವ ದಾರಿ ಹೀಗಿದೆ:

```
To Do → In Progress → Ready for Test → Testing
→ Ready for Release → Deployed → Done
```

ಏಳು ಸ್ಥಿತಿ ಜಾಸ್ತಿಯಾಯಿತೇ? ಟಿಕೆಟ್ ಈಗ ಯಾರ ಕೈಯಲ್ಲಿದೆ ಅಥವಾ ಯಾರಿಗಾಗಿ ಕಾಯುತ್ತಿದೆ ಎಂಬುದು ಬದಲಾಗುವ ಕಡೆ ಮಾತ್ರ ಹೊಸ ಸ್ಥಿತಿ ಬೇಕು. `Ready for Test` ಕಾಯುವ ಸಾಲು, `Testing` ಕೆಲಸ. ಇವೆರಡನ್ನೂ ಒಂದು ಮಾಡಿದರೆ, ನಾಲ್ಕು ದಿನ ನಿಂತ ಟಿಕೆಟ್ ಪರೀಕ್ಷೆ ಕಷ್ಟವಾಗಿ ನಿಂತಿತೋ, ಪರೀಕ್ಷಕರಿಗೆ ಪುರುಸೊತ್ತಿಲ್ಲದೆ ನಿಂತಿತೋ ತಿಳಿಯುವುದಿಲ್ಲ.

ಹೆಸರುಗಳಿಗಿಂತ ಮುಖ್ಯವಾದದ್ದು ಅವುಗಳ ನಡುವಿನ ಬಾಣಗಳು. ಒಂದು ಸಂಗತಿ ಯಾರಿಗೆ ಖುದ್ದಾಗಿ ಗೊತ್ತೋ ಅವರೇ ಟಿಕೆಟ್ ಸರಿಸಬೇಕು. ಜಿರಾದಲ್ಲಾದರೆ ಪ್ರತಿ ಬಾಣಕ್ಕೂ ಷರತ್ತು ಹಾಕಬಹುದು: `Testing` ದಾಟಿಸುವ ಬಟನ್ ಪರೀಕ್ಷಕರಿಗೆ ಮಾತ್ರ ಕಾಣುತ್ತದೆ. `Deployed` ಸ್ಥಿತಿಯನ್ನಂತೂ ಮನುಷ್ಯರ ಕೈಗೆ ಕೊಡಲೇಬಾರದು. ಹಿಂದಿನ ರಿಲೀಸ್‌ಗೂ ಈ ರಿಲೀಸ್‌ಗೂ ನಡುವೆ ಸೇರಿದ ಕಮಿಟ್‌ಗಳಲ್ಲಿ ಯಾವ ಟಿಕೆಟ್ ಸಂಖ್ಯೆಗಳಿವೆಯೋ ಅವನ್ನು ಡಿಪ್ಲಾಯ್ ಮಾಡುವ ಸ್ಕ್ರಿಪ್ಟೇ ಹೆಕ್ಕಿ, ಸರ್ವರ್ ಸುಸೂತ್ರವಾಗಿ ಎದ್ದ ಮೇಲೆ ಸರಿಸಬೇಕು. ಕಮಿಟ್‌ನಲ್ಲಿ ಸಂಖ್ಯೆ ಬರೆಯದಿದ್ದರೆ ಈ ಏರ್ಪಾಡು ಕೆಲಸ ಮಾಡದು, ಅದೊಂದು ಶಿಸ್ತು ಬೇಕು. ಹೊಸ ಸೌಲಭ್ಯ ಸರ್ವರ್ ತಲುಪಿಯೂ ಅದರ ಸ್ವಿಚ್ ಆಫ್ ಆಗಿರಬಹುದು. ಆಗ ಬಳಸುವವರ ಪಾಲಿಗೆ ಅದು ಇನ್ನೂ ಬಂದಿಲ್ಲ.

ಕೊನೆಯ ಬಾಣ ಕೇಳಿದವರದು. ಗುರುವಾರ ರಿಲೀಸ್ ಆಯಿತು, ಶುಕ್ರವಾರ ಶಾಲೆಯವರು ನೋಡಿದರು: “ಹೊಸ ರಸೀದಿ ಒಂದೇ ಬರ್ತಿದೆ. ಆದ್ರೆ ಹೋದ ವಾರದ ಡಬಲ್ ರಸೀದಿಗಳು ಲೆಕ್ಕದಲ್ಲಿ ಹಾಗೇ ಇವೆಯಲ್ಲ, ಆಡಿಟ್‌ನವರಿಗೆ ಏನು ಹೇಳೋದು?” ಕೋಡ್ ಪರೀಕ್ಷಿಸಿದವರಿಗೆ ಈ ಪ್ರಶ್ನೆ ಹೊಳೆಯುವ ಸಂಭವವೇ ಕಡಿಮೆ. ಇದಕ್ಕೆ 418ನ್ನು ಹಿಂದಕ್ಕೆ ತಳ್ಳಬೇಕಿಲ್ಲ. ಟಿಕೆಟ್‌ನಲ್ಲಿ ಬರೆದುಕೊಂಡಿದ್ದು “ಒಂದು ಪಾವತಿಗೆ ಒಂದೇ ರಸೀದಿ” ಎಂದು, ಅದು ಆಗಿದೆ. ಹಳೆಯ ರಸೀದಿಗಳಿಗೆ ಬೇರೆ ಟಿಕೆಟ್ ತೆರೆದು 418ಕ್ಕೆ ಜೋಡಿಸಿದರೆ ಸಾಕು. ಅದೇ, ಹೊಸ ಪಾವತಿಗೂ ಎರಡು ರಸೀದಿ ಬಂದಿದ್ದರೆ `In Progress`ಗೆ ವಾಪಸ್ ಹೋಗಬೇಕಿತ್ತು. `Done` ಆದ ಟಿಕೆಟ್ಟನ್ನು ಜಿರಾದಲ್ಲಿ ಹೀಗೆ ಮರಳಿಸುವಾಗ `Resolution` ಎಂಬ ಇನ್ನೊಂದು ಖಾನೆಯನ್ನೂ ಖಾಲಿ ಮಾಡಬೇಕು. ಇಲ್ಲದಿದ್ದರೆ ಟಿಕೆಟ್ ತೆರೆದಿದ್ದರೂ ಬಾಕಿ ಪಟ್ಟಿಯಲ್ಲಿ ಕಾಣುವುದೇ ಇಲ್ಲ.

ಏರ್ಪಾಡು ಹೆಸರಿಗಷ್ಟೇ ಉಳಿದಿದೆಯೇ ಎಂದು ತಿಳಿಯಲು ಟಿಕೆಟ್‌ನ ಇತಿಹಾಸ ತೆರೆದು ನೋಡಿ. ಒಂದೇ ಹೆಸರಿನವರು ಅರ್ಧ ನಿಮಿಷದಲ್ಲಿ ಮೂರು ಸ್ಥಿತಿ ದಾಟಿಸಿದ್ದರೆ ಅಲ್ಲಿ ಪರೀಕ್ಷೆ ನಡೆದಿಲ್ಲ. ಸ್ಪ್ರಿಂಟ್ ಮುಗಿಯುವ ಸಂಜೆ ಹತ್ತಾರು ಟಿಕೆಟ್ ಒಟ್ಟಿಗೆ `Done` ಆಗುತ್ತಿದ್ದರೂ ಅದೇ ಕಥೆ. `Deployed`ನಲ್ಲಿ ರಾಶಿ ಬಿದ್ದಿದ್ದರೆ ಒಪ್ಪಿಗೆ ಕೊಡಬೇಕಾದವರಿಗೆ ಸುದ್ದಿಯೇ ಮುಟ್ಟಿಲ್ಲ ಅಥವಾ ಆಸಕ್ತಿ ಇಲ್ಲ. ಐದು ದಿನ ಉತ್ತರ ಬಾರದಿದ್ದರೆ ತಾನಾಗಿ ಮುಚ್ಚಿಕೊಳ್ಳಲಿ ಎಂದು ಕೆಲವರು ನಿಯಮ ಹಾಕುತ್ತಾರೆ. ನನಗದು ಹಿಡಿಸುವುದಿಲ್ಲ, ಆದರೂ ಅನಿವಾರ್ಯವಾದರೆ “ಉತ್ತರವಿಲ್ಲದೆ ಮುಚ್ಚಲಾಗಿದೆ” ಎಂಬ ಗುರುತಾದರೂ ಇರಲಿ. ಲೈಬ್ರರಿ ಅಪ್‌ಗ್ರೇಡ್‌ನಂಥ ಒಳಗಿನ ಕೆಲಸಕ್ಕೆ ಹೊರಗೆ ಕೇಳಿದವರೇ ಇರುವುದಿಲ್ಲ. ಅಲ್ಲಿ ತಂಡದ ಲೀಡ್ ಒಪ್ಪಿದರಾಯಿತು, ಆದರೆ ಕೆಲಸ ಮಾಡಿದವರು ಬೇರೆಯವರಾಗಿರಬೇಕು.