ಒಂದೇ ಕಿಟಕಿಗೆ ಕಣ್ಣಿಟ್ಟ ರೆಕಾರ್ಡರ್

ಆನ್‌ಲೈನ್ ಅರ್ಜಿ ತುಂಬುವುದು ಹೇಗೆಂದು ಊರಿನಲ್ಲಿರುವ ತಂದೆಗೆ ವಿಡಿಯೊ ಮಾಡಿ ಕಳಿಸಬೇಕು ಅಂದುಕೊಳ್ಳಿ. ವಿಂಡೋಸ್‌ನಲ್ಲೇ ಇರುವ ಎಕ್ಸ್‌ಬಾಕ್ಸ್ ಗೇಮ್ ಬಾರ್ ಸಾಕು. ಮೊದಲು ಬ್ರೌಸರ್ ತೆರೆದು ಅದರ ಮೇಲೆ ಕ್ಲಿಕ್ ಮಾಡಿ, ಆಮೇಲೆ `Win + Alt + R` ಒತ್ತಿ. ನಿಲ್ಲಿಸಲೂ ಅದೇ ಕೀಲಿಗಳು. ನಿಮ್ಮ ಮಾತೂ ಬೇಕಿದ್ದರೆ `Win + Alt + M` ಒತ್ತಿ ಮೈಕ್ ಆನ್ ಮಾಡಿ. ಕಡತ `Videos` ಒಳಗಿನ `Captures` ಫೋಲ್ಡರ್‌ನಲ್ಲಿರುತ್ತದೆ.

ಆದರೆ ಫೋಟೊ ಸೇರಿಸಲು `Browse` ಒತ್ತಿದಾಗ ತೆರೆದುಕೊಳ್ಳುವ ಕಡತಪಟ್ಟಿ ವಿಡಿಯೊದಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ತಂದೆಗೆ ಕಾಣುವುದು ಅಲುಗಾಡದ ಅರ್ಜಿಪುಟ ಮಾತ್ರ. ಬರೀ ಡೆಸ್ಕ್‌ಟಾಪ್ ಅಥವಾ ಫೈಲ್ ಎಕ್ಸ್‌ಪ್ಲೋರರ್ ಮುಂದಿದ್ದರಂತೂ ರೆಕಾರ್ಡಿಂಗ್ ಶುರುವೇ ಆಗದು.

ಇದು ದೋಷವಲ್ಲ. 2015ರಲ್ಲಿ ವಿಂಡೋಸ್ 10ರ ಜೊತೆ ಬಂದ ಈ ಸೌಲಭ್ಯ ಹುಟ್ಟಿದ್ದು ಆಟಗಾರರಿಗಾಗಿ. ಕೀಲಿ ಒತ್ತಿದ ಗಳಿಗೆಯಲ್ಲಿ ಮುಂದಿರುವ ಆ್ಯಪ್ ಯಾವುದೋ, ಅದರ ಕಿಟಕಿಯ ಚಿತ್ರವನ್ನಷ್ಟೇ ಅದು ತೆಗೆದುಕೊಳ್ಳುತ್ತದೆ. ಕಡತಪಟ್ಟಿ ಬೇರೆಯದೇ ಕಿಟಕಿ. ಡೆಸ್ಕ್‌ಟಾಪ್ ಅಂತೂ ಆ್ಯಪ್ ಅಲ್ಲವೇ ಅಲ್ಲ. ಇದರಲ್ಲಿ ಒಳ್ಳೆಯದೂ ಇದೆ: ನಡುವೆ ಬೇರೆ ಆ್ಯಪ್‌ನಲ್ಲಿ ಖಾಸಗಿ ಸಂದೇಶ ತೆರೆದರೂ ಅದು ವಿಡಿಯೊದಲ್ಲಿ ಸೇರುವುದಿಲ್ಲ.

ಇಡೀ ಪರದೆಯೇ ಬೇಕಾದರೆ ಗೇಮ್ ಬಾರ್ ಜೊತೆ ಗುದ್ದಾಡಬೇಡಿ. ವಿಂಡೋಸ್ 11ರ ಸ್ನಿಪ್ಪಿಂಗ್ ಟೂಲ್ ತೆರೆದು, ಕ್ಯಾಮೆರಾ ಗುರುತು ಒತ್ತಿ, ಪರದೆಯ ಬೇಕಾದಷ್ಟು ಭಾಗ ಆರಿಸಿಕೊಳ್ಳಿ. ಕಡತಪಟ್ಟಿಯೂ ಅದರಲ್ಲಿ ಬರುತ್ತದೆ.