ಮುಂಗಡ ತೆರಿಗೆ ಮತ್ತು ಕೃಷಿ ಆದಾಯ

ಮುಂಗಡ ತೆರಿಗೆ ಎಂದರೆ ಒಂದು ಆರ್ಥಿಕ ವರ್ಷದ ಆದಾಯಕ್ಕೆ ಸಲ್ಲಬೇಕಾದ ಆದಾಯ ತೆರಿಗೆಯನ್ನು, ವರ್ಷ ಮುಗಿಯುವ ಮೊದಲೇ ಅಂದಾಜು ಮಾಡಿ ಕಂತುಗಳಲ್ಲಿ ಸರ್ಕಾರಕ್ಕೆ ಕಟ್ಟುವ ವ್ಯವಸ್ಥೆ. ಸಂಬಳ ಪಡೆಯುವವರ ತೆರಿಗೆಯನ್ನು ಉದ್ಯೋಗದಾತರೇ ತಿಂಗಳು ತಿಂಗಳು ಕಡಿತ ಮಾಡುತ್ತಾರೆ. ವರ್ತಕರು, ಗುತ್ತಿಗೆದಾರರು, ವೈದ್ಯರು, ವಕೀಲರು, ಬಾಡಿಗೆ ಆದಾಯವುಳ್ಳವರು ಮೊದಲಾದವರಿಗೆ ಅಂತಹ ಕಡಿತದ ವ್ಯವಸ್ಥೆ ಇಲ್ಲ, ಅಥವಾ ಇದ್ದರೂ ಸಾಲುವುದಿಲ್ಲ. ಆದ್ದರಿಂದ ಅವರು ತಾವೇ ಲೆಕ್ಕ ಹಾಕಿ ಕಟ್ಟಬೇಕಾಗುತ್ತದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಂತಹ ತೆಂಗಿನ ಸೀಮೆಯಲ್ಲಿ ಒಬ್ಬರೇ ತೋಟದ ಒಡೆಯರೂ ಕೊಬ್ಬರಿ ವರ್ತಕರೂ ಆಗಿರುವುದುಂಟು. ಅಂತಹವರ ಲೆಕ್ಕದಲ್ಲಿ ತೆರಿಗೆಯಿಲ್ಲದ ಕೃಷಿ ಆದಾಯವೂ ಒಂದು ಪಾತ್ರ ವಹಿಸುತ್ತದೆ.

## ಯಾರು ಕಟ್ಟಬೇಕು

ಮೂಲದಲ್ಲಿ ಕಡಿತವಾದ ತೆರಿಗೆಯನ್ನು ಕಳೆದ ಮೇಲೆ ವರ್ಷದ ತೆರಿಗೆ 10,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಾಗುವುದಾದರೆ ಮುಂಗಡ ತೆರಿಗೆ ಕಟ್ಟುವುದು ಕಡ್ಡಾಯ. ಭಾರತದಲ್ಲಿ ವಾಸಿಸುವ, 60 ವರ್ಷ ತುಂಬಿದ, ವ್ಯಾಪಾರದಿಂದಾಗಲಿ ವೃತ್ತಿಯಿಂದಾಗಲಿ ಆದಾಯವಿಲ್ಲದ ಹಿರಿಯ ನಾಗರಿಕರಿಗೆ ಇದರಿಂದ ವಿನಾಯಿತಿ ಇದೆ. ಪಿಂಚಣಿ ಮತ್ತು ಬ್ಯಾಂಕ್ ಬಡ್ಡಿಯನ್ನಷ್ಟೇ ಪಡೆಯುವ ನಿವೃತ್ತರು ಈ ಗುಂಪಿಗೆ ಸೇರುತ್ತಾರೆ. ಅದೇ ವಯಸ್ಸಿನ ಕೊಬ್ಬರಿ ವರ್ತಕರು ಸೇರುವುದಿಲ್ಲ. ಕೇವಲ ತೋಟದ ಆದಾಯವಿರುವ ರೈತರಿಗೆ ಕೇಂದ್ರದ ಆದಾಯ ತೆರಿಗೆಯೇ ಇಲ್ಲವಾದ್ದರಿಂದ ಮುಂಗಡ ತೆರಿಗೆಯ ಪ್ರಶ್ನೆಯೂ ಏಳುವುದಿಲ್ಲ.

## ಕಂತುಗಳು

ವರ್ಷದ ಒಟ್ಟು ತೆರಿಗೆಯಲ್ಲಿ ಜೂನ್ 15ರೊಳಗೆ ಶೇ. 15, ಸೆಪ್ಟೆಂಬರ್ 15ರೊಳಗೆ ಶೇ. 45, ಡಿಸೆಂಬರ್ 15ರೊಳಗೆ ಶೇ. 75 ಮತ್ತು ಮಾರ್ಚ್ 15ರೊಳಗೆ ಪೂರ್ಣ ಮೊತ್ತ ಸಂದಾಯವಾಗಿರಬೇಕು. ಈ ಪ್ರಮಾಣಗಳಲ್ಲಿ ಹಿಂದಿನ ಕಂತುಗಳೂ ಸೇರಿವೆ. 1961ರ ಆದಾಯ ತೆರಿಗೆ ಕಾಯಿದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯಿದೆ ಬಂದಿದ್ದರೂ ನಾಲ್ಕು ಕಂತುಗಳ ಕ್ರಮ ಮುಂದುವರಿದಿದೆ.

ಸಣ್ಣ ವರ್ತಕರು ವಹಿವಾಟಿನ ನಿಗದಿತ ಶೇಕಡಾವಾರು ಭಾಗವನ್ನೇ ಲಾಭವೆಂದು ಘೋಷಿಸುವ ಅಂದಾಜು ಆದಾಯದ ಯೋಜನೆಯನ್ನು ಆರಿಸಿಕೊಳ್ಳಬಹುದು. ಅವರು ಪೂರ್ಣ ತೆರಿಗೆಯನ್ನು ಮಾರ್ಚ್ 15ರೊಳಗೆ ಒಂದೇ ಕಂತಿನಲ್ಲಿ ಕಟ್ಟಿದರೆ ಸಾಕು. ಆದರೆ ಕಮಿಷನ್ ಅಥವಾ ದಲ್ಲಾಳಿಯ ಆದಾಯಕ್ಕೆ ಈ ಯೋಜನೆ ಅನ್ವಯಿಸುವುದಿಲ್ಲ. ತನ್ನ ಹಣದಿಂದ ಕೊಬ್ಬರಿ ಕೊಂಡು ಮಾರುವ ವರ್ತಕನಿಗೆ ದೊರೆಯುವ ಒಂದೇ ಕಂತಿನ ಅನುಕೂಲ, ರೈತರ ಮಾಲನ್ನು ಮಾರಿಸಿಕೊಟ್ಟು ಕಮಿಷನ್ ಪಡೆಯುವ ಮಂಡಿಯವನಿಗೆ ದೊರೆಯುವುದಿಲ್ಲ.

## ಕೃಷಿ ಆದಾಯವನ್ನು ಲೆಕ್ಕಕ್ಕೆ ಸೇರಿಸುವುದು ಏಕೆ

ಸಂವಿಧಾನದ ಏಳನೆಯ ಅನುಸೂಚಿಯ ಪ್ರಕಾರ ಕೃಷಿ ಆದಾಯಕ್ಕೆ ತೆರಿಗೆ ವಿಧಿಸುವ ಅಧಿಕಾರ ರಾಜ್ಯಗಳದ್ದು. ಕೇಂದ್ರವು ಅದಕ್ಕೆ ತೆರಿಗೆ ಹಾಕುವಂತಿಲ್ಲ. ಆದರೆ ಬೇರೆ ಆದಾಯದ ಮೇಲಿನ ದರವನ್ನು ನಿರ್ಧರಿಸಲು ಕೃಷಿ ಆದಾಯವನ್ನು ಗಣನೆಗೆ ತೆಗೆದುಕೊಳ್ಳುತ್ತದೆ. ಕೆ. ಎನ್. ರಾಜ್ ಸಮಿತಿಯ ಶಿಫಾರಸಿನ ಮೇರೆಗೆ 1973ರ ಹಣಕಾಸು ಕಾಯಿದೆಯ ಮೂಲಕ ಜಾರಿಗೆ ಬಂದ ಈ ಪದ್ಧತಿಯನ್ನು ಭಾಗಶಃ ಸಂಯೋಜನೆ ಎನ್ನಬಹುದು. ಖರ್ಚು ಕಳೆದ ಕೃಷಿ ಆದಾಯ 5,000 ರೂಪಾಯಿಗಿಂತ ಹೆಚ್ಚಿದ್ದು, ಬೇರೆ ಆದಾಯವೂ ತೆರಿಗೆ ರಹಿತ ಮಿತಿಯನ್ನು ದಾಟಿದಾಗ ಇದು ಅನ್ವಯವಾಗುತ್ತದೆ.

ತನ್ನ ತೋಟದಲ್ಲಿ ಬೆಳೆದ ಕಾಯಿಯ ಆದಾಯ ಮಾತ್ರ ಕೃಷಿ ಆದಾಯ. ಊರಿನ ಇತರರಿಂದ ಕೊಂಡ ಕಾಯಿ ಅಥವಾ ಕೊಬ್ಬರಿಯನ್ನು ಮಾರಿ ಬಂದ ಲಾಭ ವ್ಯಾಪಾರದ ಆದಾಯ. ಎರಡೂ ಒಂದೇ ಅಟ್ಟದಲ್ಲಿ ಒಣಗಿ ಒಂದೇ ಮಾರುಕಟ್ಟೆಗೆ ಹೋದರೂ ಲೆಕ್ಕ ಬೇರೆಬೇರೆಯಾಗಿಯೇ ಇರಬೇಕು.

## ಒಂದು ಉದಾಹರಣೆ

ತಿಪಟೂರು ತಾಲ್ಲೂಕಿನ ಅರಳಗುಪ್ಪೆಯಲ್ಲಿ ತೋಟವಿದ್ದು, ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ಒಬ್ಬ ವ್ಯಕ್ತಿಯನ್ನು ಕಲ್ಪಿಸಿಕೊಳ್ಳೋಣ. 2025-26ರಲ್ಲಿ ಇವರ ವ್ಯಾಪಾರದ ಲಾಭ 16 ಲಕ್ಷ ರೂಪಾಯಿ. ಕೂಲಿ, ಗೊಬ್ಬರಗಳ ಖರ್ಚು ಕಳೆದ ತೋಟದ ಆದಾಯ 4 ಲಕ್ಷ. ಇವರು ಅಂದಾಜು ಯೋಜನೆಯಲ್ಲಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿದ್ದಾರೆ. ಆ ವರ್ಷ ಮೊದಲ 4 ಲಕ್ಷಕ್ಕೆ ತೆರಿಗೆಯಿಲ್ಲ; ಅನಂತರದ ಪ್ರತಿ 4 ಲಕ್ಷಕ್ಕೆ ಕ್ರಮವಾಗಿ ಶೇ. 5, 10, 15 ಮತ್ತು 20ರ ದರ.

ತೋಟದ ಆದಾಯವನ್ನು ಮರೆತು 16 ಲಕ್ಷಕ್ಕಷ್ಟೇ ಲೆಕ್ಕ ಹಾಕಿದರೆ ತೆರಿಗೆ 1,20,000, ಶೇ. 4ರ ಸೆಸ್ ಸೇರಿ 1,24,800 ರೂಪಾಯಿ. ಸರಿಯಾದ ಲೆಕ್ಕ ಮೂರು ಹಂತಗಳದ್ದು:

1. ಎರಡೂ ಆದಾಯ ಕೂಡಿಸಿದ 20 ಲಕ್ಷದ ಮೇಲಿನ ತೆರಿಗೆ: 2,00,000.
2. ಕೃಷಿ ಆದಾಯಕ್ಕೆ ತೆರಿಗೆ ರಹಿತ ಮಿತಿಯಾದ 4 ಲಕ್ಷವನ್ನು ಕೂಡಿಸಿದ 8 ಲಕ್ಷದ ಮೇಲಿನ ತೆರಿಗೆ: 20,000.
3. ಇವೆರಡರ ವ್ಯತ್ಯಾಸ: 1,80,000. ಸೆಸ್ ಸೇರಿ 1,87,200.

ಹೀಗೆ ತೋಟದ 4 ಲಕ್ಷಕ್ಕೆ ನೇರವಾಗಿ ತೆರಿಗೆ ಬೀಳದಿದ್ದರೂ ವ್ಯಾಪಾರದ ಆದಾಯವು ಮೇಲಿನ ದರಗಳಿಗೆ ಏರಿ, ತೆರಿಗೆ 62,400 ರೂಪಾಯಿ ಹೆಚ್ಚುತ್ತದೆ. ಮುಂಗಡ ತೆರಿಗೆಯನ್ನು ಈ ಹೆಚ್ಚಿನ ಮೊತ್ತದ ಮೇಲೆಯೇ ಕಟ್ಟಬೇಕು. ಆಗ ನಾಲ್ಕು ಕಂತುಗಳು ಕ್ರಮವಾಗಿ 28,080, 56,160, 56,160 ಮತ್ತು 46,800 ರೂಪಾಯಿ ಆಗುತ್ತವೆ.

## ಕಡಿಮೆ ಕಟ್ಟಿದರೆ

ಈ ವ್ಯಕ್ತಿ 1,24,800 ರೂಪಾಯಿಯನ್ನು ನಾಲ್ಕು ಕಂತುಗಳಲ್ಲಿ ಸಕಾಲದಲ್ಲೇ ಕಟ್ಟಿ, ಉಳಿದ 62,400ನ್ನು ಜುಲೈನಲ್ಲಿ ವಿವರಪಟ್ಟಿ ಸಲ್ಲಿಸುವಾಗ ಕಟ್ಟಿದರೆಂದು ಭಾವಿಸೋಣ. ಆಗ ಎರಡು ಬಗೆಯ ಬಡ್ಡಿ ಬೀಳುತ್ತದೆ.

ಮೊದಲನೆಯದು ಕಂತಿನ ಕೊರತೆಯ ಬಡ್ಡಿ, 1961ರ ಕಾಯಿದೆಯ 234ಸಿ ಕಲಮಿನದು. ಮೊದಲ ಮೂರು ಕಂತುಗಳ ಕೊರತೆಗೆ ತಿಂಗಳಿಗೆ ಶೇ. 1ರಂತೆ ಮೂರು ತಿಂಗಳು, ಕೊನೆಯ ಕಂತಿಗೆ ಒಂದು ತಿಂಗಳು. ಕೊರತೆಯ ಮೊತ್ತವನ್ನು ನೂರರ ಕೆಳಗಿನ ಅಂಕಿ ಬಿಟ್ಟು ಲೆಕ್ಕ ಹಾಕಿದರೆ ಇದು 279, 840, 1,404 ಮತ್ತು 624, ಒಟ್ಟು 3,147 ರೂಪಾಯಿ. ಎರಡನೆಯದು 234ಬಿ ಕಲಮಿನ ಬಡ್ಡಿ. ಮಾರ್ಚ್ 31ರೊಳಗೆ ಕಟ್ಟಿದ ಮುಂಗಡ ತೆರಿಗೆ ಒಟ್ಟು ತೆರಿಗೆಯ ಶೇ. 90ಕ್ಕಿಂತ ಕಡಿಮೆಯಾದರೆ, ಏಪ್ರಿಲ್‌ನಿಂದ ಕಟ್ಟುವ ತಿಂಗಳವರೆಗೆ ಕೊರತೆಯ ಮೇಲೆ ತಿಂಗಳಿಗೆ ಶೇ. 1. ಇಲ್ಲಿ ನಾಲ್ಕು ತಿಂಗಳಿಗೆ 2,496. ಎರಡೂ ಸೇರಿ 5,643 ರೂಪಾಯಿ.

ಜೂನ್‌ನಲ್ಲಿ ಶೇ. 12, ಸೆಪ್ಟೆಂಬರ್‌ನಲ್ಲಿ ಶೇ. 36 ತುಂಬಿದ್ದರೆ ಆ ಕಂತುಗಳಿಗೆ ಬಡ್ಡಿಯಿಲ್ಲ. ಮೇಲಿನ ಉದಾಹರಣೆಯಲ್ಲಿ ಕಟ್ಟಿದ್ದು ಕ್ರಮವಾಗಿ ಶೇ. 10 ಮತ್ತು ಶೇ. 30 ಮಾತ್ರವಾದ್ದರಿಂದ ಆ ರಿಯಾಯಿತಿ ದೊರೆಯಲಿಲ್ಲ.

## ಬೆಲೆಯ ಏರಿಳಿತ

ಕಂತಿನ ಕೊರತೆಯನ್ನು ಅಳೆಯುವುದು ಆಯಾ ದಿನದ ಅಂದಾಜಿನ ಮೇಲಲ್ಲ, ವರ್ಷಾಂತ್ಯದಲ್ಲಿ ಘೋಷಿಸಿದ ಆದಾಯದ ಮೇಲೆ. ಆದ್ದರಿಂದ ಜನವರಿಯಲ್ಲಿ ಕೊಬ್ಬರಿ ಬೆಲೆ ಏರಿ ಲಾಭ ಹೆಚ್ಚಿದರೆ, ಮಾರ್ಚ್‌ನಲ್ಲಿ ಪೂರ್ತಿ ಕಟ್ಟಿದರೂ ಹಿಂದಿನ ಕಂತುಗಳ ಕೊರತೆಗೆ ಬಡ್ಡಿ ಬರಬಹುದು. ಆಸ್ತಿ ಮಾರಾಟದ ಲಾಭ, ಲಾಟರಿ, ಲಾಭಾಂಶ, ಮೊದಲ ಬಾರಿಗೆ ಬಂದ ವ್ಯಾಪಾರದ ಆದಾಯ ಮೊದಲಾದವುಗಳಿಗೆ ಈ ವಿಷಯದಲ್ಲಿ ವಿನಾಯಿತಿ ಇದೆ. ನಡೆಯುತ್ತಿರುವ ವ್ಯಾಪಾರದಲ್ಲಿ ಧಾರಣೆ ಏರಿದ್ದಕ್ಕೆ ಇಲ್ಲ. ಪ್ರತಿ ಕಂತಿನ ಮೊದಲು ವ್ಯಾಪಾರ ಮತ್ತು ತೋಟ ಎರಡರ ಅಂದಾಜನ್ನೂ ಪರಿಷ್ಕರಿಸಿ, ಮುಂದಿನ ಕಂತನ್ನು ಹೆಚ್ಚಿಸಬಹುದು ಅಥವಾ ತಗ್ಗಿಸಬಹುದು. ಹೆಚ್ಚಾಗಿ ಕಟ್ಟಿದ ಮೊತ್ತ ವಿವರಪಟ್ಟಿ ಸಲ್ಲಿಸಿದ ಮೇಲೆ ಮರಳಿ ಬರುತ್ತದೆ.

## ಕಟ್ಟುವ ವಿಧಾನ

ಆದಾಯ ತೆರಿಗೆ ಇಲಾಖೆಯ ಜಾಲತಾಣದಲ್ಲಿ `e-Pay Tax` ವಿಭಾಗವನ್ನು ತೆರೆದು `Advance Tax (100)` ಎಂಬುದನ್ನು ಆರಿಸಬೇಕು. ವರ್ಷದ ಆಯ್ಕೆಯಲ್ಲಿ ತಪ್ಪಾಗುವುದು ಹೆಚ್ಚು. ಹಳೆಯ ಕಾಯಿದೆಯಡಿ 2025-26ರ ಆದಾಯಕ್ಕೆ ಕರ ನಿರ್ಧಾರಣಾ ವರ್ಷ 2026-27 ಆಗುತ್ತದೆ. ತಪ್ಪು ವರ್ಷಕ್ಕೆ ಕಟ್ಟಿದ ಹಣ ಸರಿಯಾದ ವರ್ಷದ ಲೆಕ್ಕದಲ್ಲಿ ಕಾಣಿಸುವುದಿಲ್ಲ. ಕೆಲವು ದಿನಗಳ ನಂತರ ಎಐಎಸ್ ಹೇಳಿಕೆಯನ್ನು ತೆರೆದು ನೋಡಿದರೆ ಹಣ ಯಾವ ವರ್ಷಕ್ಕೆ ಜಮೆಯಾಗಿದೆ ಎಂಬುದು ತಿಳಿಯುತ್ತದೆ.