ಅಪೆಂಡಿಕ್ಸಿನ ಹರಳು
ಬಲಗಡೆಯ ಕೆಳಹೊಟ್ಟೆ ನೋಯುತ್ತಿರುವ ತರುಣನೊಬ್ಬನ ಸಿ.ಟಿ. ವರದಿಯಲ್ಲಿ ಹೀಗಿದೆಯೆನ್ನೋಣ: ಅಪೆಂಡಿಕ್ಸ್ 11 ಮಿ.ಮೀ. ಊದಿದೆ, ಸುತ್ತಲೂ ‘ಫ್ಯಾಟ್ ಸ್ಟ್ರಾಂಡಿಂಗ್’, ಒಳಗೆ 7 ಮಿ.ಮೀ. ‘ಅಪೆಂಡಿಕೋಲಿತ್’. ಮನೆಯವರು ಮೊದಲ ಮಾತಿಗೇ ಹೆದರುವುದುಂಟು. ಹೊಟ್ಟೆಯೊಳಗಿನ ಕೊಬ್ಬು ಚಿತ್ರದಲ್ಲಿ ಒಂದೇ ಸಮನೆ ಕಪ್ಪಾಗಿರುತ್ತದೆ. ಉರಿಯೂತದಿಂದ ದ್ರವ ಒಸರಿದಾಗ ಅದರಲ್ಲಿ ಬೂದುಬಣ್ಣದ ಎಳೆಗಳು ಮೂಡುತ್ತವೆ. ಅಷ್ಟರಿಂದಲೇ ಅಪೆಂಡಿಕ್ಸ್ ಒಡೆದಿದೆಯೆಂದು ತಿಳಿಯಲಾಗದು.

ಹೆಚ್ಚು ಗಮನಿಸಬೇಕಾದುದು ಎರಡನೆಯದನ್ನು. ಅದು ಮಲವೂ ಸುಣ್ಣದ ಅಂಶವೂ ಸೇರಿ ಗಟ್ಟಿಗೊಂಡ ಹರಳು. ನೋವಿಲ್ಲದವರಲ್ಲಿ ಕಂಡರೆ ಅದೇ ರೋಗವಲ್ಲ. ಆದರೆ ಊದಿದ ನಳಿಕೆಯನ್ನು ಅದು ಮುಚ್ಚಿದರೆ ಒಳಗಿನ ಒತ್ತಡವೇರಿ ಗೋಡೆ ತೂತಾಗುವ ಭಯ ಹೆಚ್ಚು. ಅಮೆರಿಕದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಆಂಟಿಬಯಾಟಿಕ್ ಮಾತ್ರದಿಂದ ಚಿಕಿತ್ಸೆ ಆರಂಭಿಸಿದವರ ಪೈಕಿ ಹರಳಿದ್ದ ನೂರರಲ್ಲಿ 41 ಮಂದಿಗೆ 90 ದಿನಗಳೊಳಗೆ ಶಸ್ತ್ರಕ್ರಿಯೆಯಾಯಿತು. ಹರಳಿಲ್ಲದವರಲ್ಲಿ 25 ಮಂದಿಗೆ. ಆದುದರಿಂದಲೇ ಇಂಥ ತರುಣನಿಗೆ ವೈದ್ಯರು ಸಾಮಾನ್ಯವಾಗಿ ಶಸ್ತ್ರಕ್ರಿಯೆಯನ್ನೇ ಸೂಚಿಸುವರು. ಅದಕ್ಕೆ ಮುನ್ನ ನೋವು ಥಟ್ಟನೆ ಇಳಿದು, ಬಳಿಕ ಹೊಟ್ಟೆಯೆಲ್ಲ ಬಿಗಿದು ಜ್ವರವೇರಿದರೆ ಒಡೆದಿರಬಹುದು. ವೈದ್ಯರಿಗೆ ಕೂಡಲೇ ತಿಳಿಸತಕ್ಕದ್ದು.